ತೆರಿಗೆ ಉಳಿಸುವ ಸಾಲ, ಎಲ್ಲಿಯವರೆಗೆ?

ಬಂಡವಾಳವನ್ನು ಷೇರು ಮಾರಿ ತಂದರೂ ಒಂದೇ, ಸಾಲ ಮಾಡಿ ತಂದರೂ ಒಂದೇ. ಅದರಿಂದ ಕಂಪನಿಯ ಮೌಲ್ಯ ಹೆಚ್ಚುಕಡಿಮೆ ಆಗುವುದಿಲ್ಲ. 1958ರಲ್ಲಿ ಹೀಗೆ ವಾದಿಸಿ ಹೆಸರಾದವರು ಅರ್ಥಶಾಸ್ತ್ರಜ್ಞರಾದ ಫ್ರಾಂಕೊ ಮೊಡಿಗ್ಲಿಯಾನಿ ಮತ್ತು ಮರ್ಟನ್ ಮಿಲ್ಲರ್. 1963ರಲ್ಲಿ ಅವರೇ ಒಂದು ತಿದ್ದುಪಡಿ ಬರೆದರು: ಸಾಲದಿಂದ ಸಿಗುವ ತೆರಿಗೆಯ ಅನುಕೂಲವನ್ನು ತಾವು ಕಡಿಮೆ ಅಂದಾಜು ಮಾಡಿದ್ದೆವು ಎಂದು.

ಕಾರಣ ಸರಳ. ಬಡ್ಡಿಯನ್ನು ಖರ್ಚೆಂದು ಕಳೆದ ಮೇಲೆ ತೆರಿಗೆ ಬೀಳುತ್ತದೆ. ಲಾಭಾಂಶಕ್ಕೆ ಆ ರಿಯಾಯಿತಿ ಇಲ್ಲ. ವರ್ಷಕ್ಕೆ 10 ಕೋಟಿ ರೂಪಾಯಿ ಗಳಿಸುವ ಕಂಪನಿಯೊಂದನ್ನು ಊಹಿಸಿಕೊಳ್ಳಿ. ತೆರಿಗೆ ದರ ಶೇ. 25 ಇರಲಿ. ಸಾಲವಿಲ್ಲದಿದ್ದರೆ ತೆರಿಗೆ ಎರಡೂವರೆ ಕೋಟಿ, ಮಾಲೀಕರಿಗೆ ಉಳಿಯುವುದು ಏಳೂವರೆ. ಅದೇ ಕಂಪನಿ ಶೇ. 10ರ ಬಡ್ಡಿಗೆ 40 ಕೋಟಿ ಸಾಲ ಮಾಡಿದರೆ ಬಡ್ಡಿ 4 ಕೋಟಿ, ತೆರಿಗೆ ಬೀಳುವ ಲಾಭ 6 ಕೋಟಿ, ತೆರಿಗೆ ಒಂದೂವರೆ ಕೋಟಿ. ಸಾಲ ಕೊಟ್ಟವರಿಗೆ 4, ಮಾಲೀಕರಿಗೆ ನಾಲ್ಕೂವರೆ, ಒಟ್ಟು ಎಂಟೂವರೆ ಕೋಟಿ. ಸರ್ಕಾರಕ್ಕೆ ಹೋಗಬೇಕಿದ್ದ 1 ಕೋಟಿ ಕಂಪನಿಯಲ್ಲೇ ಉಳಿಯಿತು. ಸಾಲ ಶಾಶ್ವತವೆಂದು ಹಿಡಿದರೆ ಈ ಉಳಿತಾಯದ ಇಂದಿನ ಬೆಲೆ 10 ಕೋಟಿ, ಅಂದರೆ ಸಾಲದ ಕಾಲು ಭಾಗ.

ಲೆಕ್ಕ ತಪ್ಪಿಲ್ಲ, ಆದರೆ ಅದು ಲಾಭ ಪ್ರತಿವರ್ಷ ಬಂದೇ ಬರುತ್ತದೆ ಎಂದು ನಂಬಿ ಕೂತಿದೆ. ಸಾಲ 100 ಕೋಟಿಗೆ ಏರಿದರೆ ಬಡ್ಡಿಯೇ 10 ಕೋಟಿ, ತೆರಿಗೆ ಸೊನ್ನೆ. ಅದರಾಚೆಗಿನ ಒಂದೊಂದು ರೂಪಾಯಿ ಬಡ್ಡಿಯೂ ಆ ವರ್ಷ ಏನನ್ನೂ ಉಳಿಸುವುದಿಲ್ಲ. ನಷ್ಟವನ್ನು ಮುಂದಿನ ವರ್ಷಗಳಿಗೆ ಒಯ್ಯಬಹುದು ನಿಜ, ಮುಂದೆ ಲಾಭ ಬಂದರೆ ಮಾತ್ರ.

ನಮ್ಮಲ್ಲಿ ಇನ್ನೊಂದು ತೊಡಕೂ ಇದೆ, ಅದನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಆದಾಯ ತೆರಿಗೆ ಕಾಯ್ದೆಯ ಪ್ರಕಾರ ಬ್ಯಾಂಕಿನ ಬಡ್ಡಿಯನ್ನು ನಿಜವಾಗಿ ಕಟ್ಟಿದರಷ್ಟೇ ಖರ್ಚೆಂದು ಒಪ್ಪುತ್ತಾರೆ. ಬಾಕಿ ಬಡ್ಡಿಯನ್ನು ಹೊಸ ಸಾಲವಾಗಿ ಬರೆದುಕೊಂಡರೆ ಅದು ಕಟ್ಟಿದಂತಲ್ಲ. ಕೈಯಲ್ಲಿ ಕಾಸಿಲ್ಲದ ದಿನವೇ ಈ ತೆರಿಗೆ ಉಳಿತಾಯವೂ ಕೈಕೊಡುತ್ತದೆ.

ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ ಈ ಮಿತಿಗೆ ಕಣ್ಣೆದುರಿನ ಸಾಕ್ಷಿ. 2005ರಲ್ಲಿ ಹಾರಾಟ ಆರಂಭಿಸಿದ ಸಂಸ್ಥೆ ಒಂದು ವರ್ಷವೂ ಲಾಭ ತೋರಿಸಲಿಲ್ಲ. ಲಾಭವೇ ಇಲ್ಲದ ಮೇಲೆ ಬಡ್ಡಿ ಯಾವ ತೆರಿಗೆಯನ್ನು ಉಳಿಸಬೇಕು? ಇತ್ತ ಸಾಲದ ಭಾರ ಮಾತ್ರ ಬೇರೆ ದಾರಿಗಳಲ್ಲಿ ಬೆಲೆ ವಸೂಲಿ ಮಾಡಿತು. ತೈಲ ಕಂಪನಿಗಳು ನಗದು ಕೊಟ್ಟರೆ ಇಂಧನ ಎಂದವು, ಬಾಡಿಗೆಗೆ ವಿಮಾನ ಕೊಟ್ಟವರು ಅವನ್ನು ಹಿಂದಕ್ಕೆ ಪಡೆದರು, ಸಂಬಳ ಸಿಗದ ನೌಕರರು ಮುಷ್ಕರ ಹೂಡಿದರು. 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಂತಿತು. ದಿವಾಳಿಯ ಖರ್ಚೆಂದರೆ ವಕೀಲರ ಶುಲ್ಕವಷ್ಟೇ ಅಲ್ಲ. ಗ್ರಾಹಕ, ಪೂರೈಕೆದಾರ, ನೌಕರ ಮೂವರೂ ಮೊದಲೇ ಕಾಲ್ತೆಗೆಯುವ ನಷ್ಟವೂ ಅದರಲ್ಲಿ ಸೇರುತ್ತದೆ.

ಹಾಗಾಗಿ 1963ರ ತಿದ್ದುಪಡಿಯ ಈ ಲೆಕ್ಕ ವಿದ್ಯುತ್ ಪ್ರಸರಣದಂಥ ಸ್ಥಿರ ವರಮಾನದ ಉದ್ಯಮಕ್ಕೆ ಒಳ್ಳೆಯ ಅಳತೆಗೋಲು, ಇಂಧನದ ಬೆಲೆಯೊಂದಿಗೆ ಏರಿಳಿಯುವ ವಿಮಾನಯಾನಕ್ಕೆ ಅಲ್ಲ. ಷೇರು ಕೊಳ್ಳುವವರು ವಾರ್ಷಿಕ ವರದಿಯಲ್ಲಿ ಸಾಲದ ಮೊತ್ತವೊಂದನ್ನೇ ನೋಡದೆ, ಕಂಪನಿಯ ಅತಿ ಕೆಟ್ಟ ವರ್ಷದಲ್ಲಿ ಬಡ್ಡಿಗೆ ಮುಂಚಿನ ಲಾಭ ಎಷ್ಟಿತ್ತು, ಕಟ್ಟಬೇಕಿದ್ದ ಬಡ್ಡಿ ಎಷ್ಟಿತ್ತು ಎಂಬ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಲಿ.