ಗಾಳಿ ಲೆಕ್ಕದ ತಾಳೆ: ರಸಿಕರಿಗೊಂದು ಕೈಪಿಡಿ

ಅನಿಲ ನಿಯಮದ ಲೆಕ್ಕವನ್ನು ಬಿಡಿಸುವುದು ಒಂದು ಕೆಲಸ, ಬಂದ ಉತ್ತರವನ್ನು ತಾಳೆ ನೋಡುವುದು ಇನ್ನೊಂದು. ಎರಡನೆಯದರ ಸೊಗಸು ಸವಿಯಬೇಕಾದರೆ ಸರಿ ಉತ್ತರಕ್ಕಿಂತ ತಪ್ಪು ಉತ್ತರವೇ ಒಳ್ಳೆಯದು. ಚಳಿಗಾಲದ ಮುಂಜಾನೆ ಕಲಬುರಗಿಯಲ್ಲಿ ಕಾರಿನ ಟೈರಿಗೆ ಗಾಳಿ ಹಾಕಿಸಿದಾಗ ಮಾಪಕ 30 ಪಿಎಸ್‌ಐ ತೋರಿಸಿತು, ಒಳಗಿನ ಗಾಳಿ 20 ಡಿಗ್ರಿ ಸೆಲ್ಸಿಯಸ್ ಇತ್ತು ಎಂದುಕೊಳ್ಳಿ. ಕಮಲಾಪುರ ಮುಟ್ಟುವಷ್ಟರಲ್ಲಿ ಅದು 40 ಡಿಗ್ರಿಗೆ ಏರಿತು. ಮಾಪಕ ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ. ಕಲಬುರಗಿಯ ಎತ್ತರದಲ್ಲಿ ಹೊರಗಿನ ಒತ್ತಡ ಸುಮಾರು 14 ಪಿಎಸ್‌ಐ, ಹಾಗಾಗಿ ಟೈರಿನ ನಿಜ ಒತ್ತಡ 44. ಇಷ್ಟನ್ನು ಸರಿಯಾಗಿ ಮಾಡಿದವರೂ ಮುಂದೆ ಎಡವುತ್ತಾರೆ: 20 ಹೋಗಿ 40 ಆಯಿತು, ತಾಪ ಇಮ್ಮಡಿ, ಆದ್ದರಿಂದ ಒತ್ತಡ 88, ಮಾಪಕದಲ್ಲಿ 74.

ಇಷ್ಟು ಒತ್ತಡದಲ್ಲಿ ಯಾರ ಕಾರೂ ಕಮಲಾಪುರ ಮುಟ್ಟುತ್ತಿರಲಿಲ್ಲ ಎಂದು ನಕ್ಕು ಬಿಡಬಹುದು. ಆದರೆ ನಗು ಪುರಾವೆಯಲ್ಲ. ಅದೇ ಲೆಕ್ಕವನ್ನು ಫ್ಯಾರನ್‌ಹೀಟಿನಲ್ಲಿ ಮಾಡಿ ನೋಡಿ: 68 ಡಿಗ್ರಿಯಿಂದ 104, ಅಂದರೆ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು, ಮಾಪಕದಲ್ಲಿ ಸುಮಾರು 53. ಟೈರು ಒಂದೇ, ಬಿಸಿಯೂ ಒಂದೇ, ಉತ್ತರ ಮಾತ್ರ ಎರಡು. ಅಳತೆಗೋಲು ಬದಲಾದರೆ ಟೈರಿನೊಳಗಿನ ಒತ್ತಡ ಬದಲಾಗುವುದಿಲ್ಲವಲ್ಲ! ಸೆಲ್ಸಿಯಸ್ಸಿನ ಸೊನ್ನೆ ನೀರು ಹೆಪ್ಪುಗಟ್ಟುವ ಗುರುತು. ಅಲ್ಲಿಯೂ ಗಾಳಿಯ ಅಣುಗಳು ಭರದಿಂದಲೇ ಓಡಾಡುತ್ತಿರುತ್ತವೆ. ಒತ್ತಡಕ್ಕೆ ಅನುಪಾತದಲ್ಲಿರುವುದು ಕೆಲ್ವಿನ್ ತಾಪ. 273 ಕೂಡಿಸಿದರೆ 293 ಮತ್ತು 313. ಒತ್ತಡ 44ರಿಂದ 47ಕ್ಕೆ ಏರುತ್ತದೆ, ಮಾಪಕದಲ್ಲಿ 33. ಇದಕ್ಕೆ ಬಾಯಿಲೆಕ್ಕದ ತಾಳೆಯೂ ಉಂಟು. ನಮ್ಮ ಹವೆಯಲ್ಲಿ ಒಂದು ಡಿಗ್ರಿ ಏರಿದರೆ ಒತ್ತಡ ಏರುವುದು ಹತ್ತಿರಹತ್ತಿರ ಮುನ್ನೂರರಲ್ಲೊಂದು ಪಾಲು. ಇಪ್ಪತ್ತು ಡಿಗ್ರಿಗೆ ಹದಿನೈದರಲ್ಲೊಂದು, 44ರಲ್ಲಿ ಅದು ಸುಮಾರು ಮೂರು.

ಸೆಲ್ಸಿಯಸ್, ಕೆಲ್ವಿನ್ ಎರಡರಲ್ಲೂ ಏರಿಕೆ 20 ಡಿಗ್ರಿಯೇ, ಬದಲಿಸುವ ಗೋಜೇಕೆ ಎಂದು ಕೆಲವರು ಕೇಳುತ್ತಾರೆ. ವ್ಯತ್ಯಾಸವಷ್ಟೇ ಬೇಕಿದ್ದರೆ ಆ ಮಾತು ಒಪ್ಪತಕ್ಕದ್ದೇ, ಆದರೆ ಇಲ್ಲಿ ಭಾಗಾಕಾರವಿದೆ. ಬಿಸಿಗೆ ಟೈರು ತುಸು ಹಿಗ್ಗುತ್ತದಲ್ಲ ಎಂಬ ತಕರಾರೂ ನಿಜವೇ. ಅದರಿಂದ ಒತ್ತಡ 33ಕ್ಕಿಂತ ಸ್ವಲ್ಪ ತಗ್ಗೀತು, 74ರ ಕಡೆಗಂತೂ ಹೋಗದು. ಹೆಚ್ಚು ತೂಕದ ಆಕ್ಷೇಪ ಇನ್ನೊಂದಿದೆ: ಉತ್ತರ ಅಸಂಬದ್ಧವಾಗಿ ಕಾಣದಿದ್ದರೆ ಏನು ಮಾಡುವುದು? ಬೇಸಿಗೆಯಲ್ಲಿ ಅದೇ 30ರ ಟೈರು 40ರಿಂದ 44 ಡಿಗ್ರಿಗೆ ಏರಿದರೆ ಸೆಲ್ಸಿಯಸ್ ಲೆಕ್ಕ 34.4 ಎನ್ನುತ್ತದೆ. ನಂಬುವ ಹಾಗೆಯೇ ಇದೆ, ನಗು ಬರುವುದಿಲ್ಲ. ಫ್ಯಾರನ್‌ಹೀಟ್ 33 ಎಂದಾಗ ಮಾತ್ರ ಗುಟ್ಟು ರಟ್ಟಾಗುತ್ತದೆ; ಮುನ್ನೂರರ ಪಾಲಿನ ಬಾಯಿಲೆಕ್ಕಕ್ಕೆ ಏರಿಕೆ ಅರ್ಧ ಪಿಎಸ್‌ಐ ಚಿಲ್ಲರೆ, ಕೆಲ್ವಿನ್ನಿನ ಉತ್ತರ 30.6.