ಕೆಂಪು ಚೌಕ ಓದಲು ಬಲ್ಲವರಿಗೆ

ಅಪಾಯಪಟ್ಟಿಯ ಸ್ಲೈಡ್ ತೆರೆ ಮೇಲೆ ಬಂದ ಕೂಡಲೇ ‘ಎಷ್ಟು ಚೆಂದ ಬಣ್ಣ’ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಸಿರಿನಿಂದ ಕೆಂಪಿಗೆ ನಯವಾಗಿ ಜಾರುವ ಬಣ್ಣ, ಮೂಲೆಯಲ್ಲೊಂದು ಬೆಂಕಿಯ ಚಿತ್ರ, ಚೌಕದೊಳಗೆ 12, 16, 20. ಜನ ಚಪ್ಪಾಳೆ ತಟ್ಟುವುದು ಇದಕ್ಕೇ. ನಾನೂ ಒಂದು ಕಾಲಕ್ಕೆ ತಟ್ಟಿದವನೇ. ಆದರೆ ಜತ್ತ ತಾಲೂಕಿನ ಒಂದು ಸಭೆಯಲ್ಲಿ ಹಿರಿಯರೊಬ್ಬರು ಎದ್ದು, ‘ಕೆಂಪ ಅಂದ್ರ ನಾವ್ ಏನ್ ಮಾಡೂದ್ರಿ?’ ಎಂದು ಕೇಳಿದರು. ಸ್ಲೈಡ್ ತೋರಿಸುತ್ತಿದ್ದವರ ಬಳಿ ಉತ್ತರವಿರಲಿಲ್ಲ. ಅಂದಿನಿಂದ ನಾನು ಬಣ್ಣ ಬಿಟ್ಟು ಅಂಚಿನ ಮಾತುಗಳನ್ನು ಮೊದಲು ಓದುತ್ತೇನೆ.

ಅದೇ ತಾಲೂಕಿನ ಕುಣಿಕೋಣೂರಿನ ಗ್ರಾಮಸಭೆಗೆ ಇಂಥದೊಂದು ಸ್ಲೈಡ್ ಮಾಡಬೇಕು ಅಂದುಕೊಳ್ಳಿ. ಅಡ್ಡಸಾಲಿಗೆ ‘ಸಂಭವ 1, 2, 3, 4’ ಎಂದು ಬರೆದರೆ ಯಾರಿಗೂ ಏನೂ ತಿಳಿಯದು. ಅದರ ಬದಲು ತಲೆಮಾರಿಗೊಮ್ಮೆ, ಹತ್ತು ವರ್ಷಕ್ಕೊಮ್ಮೆ, ಎರಡು-ಮೂರು ವರ್ಷಕ್ಕೊಮ್ಮೆ, ಪ್ರತಿ ಬೇಸಿಗೆ ಎಂದು ಬರೆಯಿರಿ. ಕಂಬಸಾಲಿಗೆ ಒಂದು ವಾರದ ತೊಂದರೆ, ಒಂದು ಬೆಳೆ ಹೋಯಿತು, ಸಾಲ ವರ್ಷಗಟ್ಟಲೆ ಉಳಿಯಿತು, ಜೀವ ಹೋಯಿತು. ನಾಲ್ಕೇ ಹಂತ ಸಾಕು. ಐದು ಕೊಟ್ಟರೆ ಎಲ್ಲರೂ ನಡುವಿನದಕ್ಕೆ ಬೆರಳು ತೋರಿಸಿ ಕೈ ತೊಳೆದುಕೊಳ್ಳುತ್ತಾರೆ.

ಈಗ ಅಪಾಯಗಳನ್ನು ಅವುಗಳ ಜಾಗದಲ್ಲಿ ಕೂರಿಸಿ. ಕೊಳವೆಬಾವಿ ಬತ್ತುವುದು ಪ್ರತಿ ಬೇಸಿಗೆಯ ಮಾತು. ಟ್ಯಾಂಕರ್ ಬರುವತನಕ ಒಂದು ವಾರದ ತೊಂದರೆ. ಕಟಾವಿಗೆ ಬಂದ ದ್ರಾಕ್ಷಿಯ ಮೇಲೆ ಆಲಿಕಲ್ಲು ಬಿದ್ದರೆ ಸಾಲ ಉಳಿಯುತ್ತದೆ. ಅದನ್ನು ಎರಡು-ಮೂರು ವರ್ಷಕ್ಕೊಮ್ಮೆ ಎಂದಿಡೋಣ. ಊರೊಳಗೆ ಸಿಡಿಲಿಗೆ ಜೀವ ಹೋಗುವುದು ತಲೆಮಾರಿಗೊಮ್ಮೆ. ಗುಣಾಕಾರ ಮಾಡುವವರ ಲೆಕ್ಕದಲ್ಲಿ ಬಾವಿ 4×1, ಸಿಡಿಲು 1×4, ಎರಡೂ 4, ಎರಡೂ ಹಸಿರು! ಈ ಅಂಕಿಗಳು ಬರೀ ಸಾಲಿನ ಕ್ರಮ ಹೇಳುತ್ತವೆ. ನಾಲ್ಕನೆಯದು ಮೊದಲನೆಯದರ ನಾಲ್ಕು ಪಟ್ಟು ಅಂತ ಅರ್ಥವಲ್ಲ. ಅಪರೂಪದ್ದೇ ಘೋರವಾಗಿರುವ ಕಡೆ ಇಂಥ ಪಟ್ಟಿಯ ಕ್ರಮ ಕಣ್ಮುಚ್ಚಿ ಆರಿಸಿದ್ದಕ್ಕಿಂತ ಕೆಟ್ಟದಾಗಿರಬಹುದು ಎಂದು ಅಪಾಯ ವಿಶ್ಲೇಷಕ ಟೋನಿ ಕಾಕ್ಸ್ 2008ರಲ್ಲೇ ತೋರಿಸಿದ್ದಾರೆ.

ಆದ್ದರಿಂದ ಗುಣಿಸಬೇಡಿ. ಬಣ್ಣವನ್ನು ಕೆಲಸಕ್ಕೆ ಕಟ್ಟಿ. ಕೆಂಪೆಂದರೆ ಈ ತಿಂಗಳೇ ದುಡ್ಡು ತೆಗೆದಿಡಬೇಕು, ಹಳದಿಯೆಂದರೆ ಒಬ್ಬರ ಹೆಸರಿಗೆ ಹೊಣೆ ಹಚ್ಚಬೇಕು, ಹಸಿರೆಂದರೆ ಸದ್ಯ ಬಿಡಬಹುದು. ಆಗ ಆಲಿಕಲ್ಲು ಕೆಂಪಾಗುತ್ತದೆ: ವಿಮೆಯ ಕಂತು, ತೋಟದ ಮೇಲೆ ಬಲೆ. ಬಾವಿ ಹಳದಿ: ಟ್ಯಾಂಕರಿನ ಅರ್ಜಿ ಗ್ರಾಮ ಪಂಚಾಯತಿ ಅಧಿಕಾರಿಯದು. ಸಿಡಿಲೂ ಹಳದಿ, ಏಕೆಂದರೆ ಜೀವ ಹೋಗುವ ಸಾಲಿನಲ್ಲಿ ಹಸಿರು ಇರಕೂಡದು. ಹವಾಮಾನ ಇಲಾಖೆಯ ಎಚ್ಚರಿಕೆ ನಕ್ಷೆಯನ್ನೇ ನೋಡಿ: ಅಲ್ಲಿ ಕೆಂಪೆಂದರೆ ಕ್ರಮ ಕೈಗೊಳ್ಳಿ ಎಂದೇ ಅರ್ಥ. ಒಳ್ಳೆಯ ಮಾದರಿ ಬೇಕಿದ್ದವರಿಗೆ ಅದು ದಿನವೂ ಸಿಗುತ್ತದೆ.

ಉಳಿದದ್ದು ಸಣ್ಣಪುಟ್ಟದು. ಚೌಕದೊಳಗೆ ಅಂಕಿಯಲ್ಲ, ‘ಆಲಿಕಲ್ಲು’ ಎಂದೇ ಬರೆಯಿರಿ. ಕೆಂಪು-ಹಸಿರು ಬೇರೆ ಬೇರೆಯಾಗಿ ಕಾಣದ ಗಂಡಸರು ಸಭೆಯಲ್ಲಿ ಒಬ್ಬಿಬ್ಬರು ಇರಬಹುದು, ಝೆರಾಕ್ಸ್‌ನಲ್ಲಂತೂ ಎರಡೂ ಬೂದು. ಹಾಗಾಗಿ ಬಣ್ಣದ ಜೊತೆ ಕೆಲಸದ ಹೆಸರೂ ಇರಲಿ. ತಲೆಬರಹ ‘ಅಪಾಯ ವಿಶ್ಲೇಷಣೆ’ ಬೇಡ. ‘ಮೊದಲು ದ್ರಾಕ್ಷಿಗೆ ಬಲೆ’ ಎಂದಿರಲಿ.

ಮುಂದಿನ ಸಲ ಇಂಥ ಸ್ಲೈಡ್ ಎದುರು ಕೂತಾಗ ಆ ಹಿರಿಯರ ಪ್ರಶ್ನೆಯನ್ನು ನೀವೂ ಎದ್ದು ಕೇಳಿ. ಉತ್ತರ ಸ್ಲೈಡಿನಲ್ಲೇ ಇದ್ದರೆ ಮಾತ್ರ ಚಪ್ಪಾಳೆ ತಟ್ಟಿ.