ಮುಂಚಿನ ಪುಟ, ನಂತರದ ಪುಟ, ನಡುವೆ ಕಳೆದ ಗೀಟು

ಫ.ಗು. ಹಳಕಟ್ಟಿಯವರು 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು, ಮರುವರ್ಷ ‘ಶಿವಾನುಭವ’ ಪತ್ರಿಕೆ ಹೊರಡಿಸಿದರು. ಆ ಕಾಲದ ಮೊಳೆಯಚ್ಚಿನ ವಚನ ಪುಸ್ತಕಗಳ ಕಾಗದ ಈಗ ಕಂದಿದೆ, ಮಸಿ ಮಾಸಿದೆ. ಗೊಳಸಂಗಿಯಂಥ ಹಳ್ಳಿಯಲ್ಲಿ ಕೂತು ಇಂಥ ಪುಟವೊಂದನ್ನು ಹುಡುಕಬಲ್ಲ ಪಠ್ಯವಾಗಿಸಲು ಈಗ ದೊಡ್ಡ ಯಂತ್ರಗಳೇನೂ ಬೇಡ. ಒಂದು ಸ್ಕ್ಯಾನರ್, ಒಂದು ಲ್ಯಾಪ್‌ಟಾಪ್, ಪೈಥಾನ್ ಭಾಷೆಯ ಸಣ್ಣ ಸ್ಕ್ರಿಪ್ಟ್, ಅಕ್ಷರ ಗುರುತಿಸುವ ಟೆಸರಾಕ್ಟ್ ಇದ್ದರಾಯಿತು. ಕಷ್ಟವಿರುವುದು ಟೆಸರಾಕ್ಟ್‌ಗೆ ಪುಟ ಕೊಡುವ ಮುಂಚಿನ ಹಂತದಲ್ಲಿ. ಬೂದು ಬಣ್ಣದ ಚಿತ್ರವನ್ನು ಬರಿಯ ಕಪ್ಪು ಬಿಳುಪು ಮಾಡಬೇಕು. ಎಷ್ಟು ಕಪ್ಪಾದರೆ ಮಸಿ, ಎಷ್ಟರವರೆಗೆ ಕಾಗದ ಎಂದು ಅಲ್ಲಿ ತೀರ್ಮಾನಿಸಬೇಕು.

ಈ ತೀರ್ಮಾನಕ್ಕೆ ಬಹುತೇಕರು ಹಿಡಿಯುವ ದಾರಿ ಜುಪಿಟರ್ ನೋಟ್‌ಬುಕ್‌ನದು. ಎಡಕ್ಕೆ ಮೂಲ ಪುಟ, ಬಲಕ್ಕೆ ಸ್ಕ್ರಿಪ್ಟ್ ಹಾಯ್ದ ಪುಟ. ಅಂಕಿ ಬದಲಿಸಿ ಮತ್ತೆ ಓಡಿಸುವುದು, ಕಣ್ಣಿಗೆ ಒಪ್ಪಿದಾಗ ನಿಲ್ಲಿಸುವುದು. ಈ ಕ್ರಮದ ಗುಣವನ್ನು ನಾನು ತಳ್ಳಿಹಾಕುವುದಿಲ್ಲ. ಮೂಲ ಪಕ್ಕದಲ್ಲೇ ಇರುವುದರಿಂದ ಅದನ್ನು ನೆನಪಿನಲ್ಲಿ ಹೊತ್ತುಕೊಳ್ಳಬೇಕಿಲ್ಲ. ಯಾವ ಅಂಕಿಯಿಂದ ಯಾವ ಚಿತ್ರ ಬಂತೆಂಬುದು ಕೋಡಿನ ಕೆಳಗೇ ಉಳಿಯುತ್ತದೆ. ದೊಡ್ಡ ತಪ್ಪುಗಳೂ ತಟ್ಟನೆ ಕಾಣುತ್ತವೆ. ಇಡೀ ಪುಟಕ್ಕೆ ಒಂದೇ ಮಿತಿ ಹಾಕುವ ಓಟ್ಸು ವಿಧಾನ ಬಳಸಿದರೆ ಹೊಲಿಗೆಯ ಬಳಿಯ ನೆರಳು ಕಪ್ಪು ಪಟ್ಟಿಯಾಗುತ್ತದೆ, ಅದನ್ನು ಯಾರೂ ತೋರಿಸಿಕೊಡಬೇಕಿಲ್ಲ. ಆದರೆ ಈ ಎರಡು ಚಿತ್ರಗಳು ಬಂದದ್ದನ್ನು ತೋರಿಸಿದಷ್ಟು ಸ್ಪಷ್ಟವಾಗಿ ಹೋದದ್ದನ್ನು ತೋರಿಸುವುದಿಲ್ಲ. ಕನ್ನಡದ ಮಟ್ಟಿಗೆ ಇದು ಸಣ್ಣ ಕೊರತೆಯಲ್ಲ.

ನೆರಳಿನ ತೊಂದರೆಗೆ ಓಪನ್‌ಸಿವಿಯಲ್ಲಿ ಇರುವ ಪರಿಹಾರ `cv2.adaptiveThreshold`. ಅದು ಪ್ರತಿ ಪಿಕ್ಸೆಲ್‌ನ ಸುತ್ತಲಿನ ಒಂದು ಚೌಕದ ಸರಾಸರಿ ಹೊಳಪನ್ನು ಲೆಕ್ಕ ಹಾಕಿ, ಅದರಿಂದ `C` ಎಂಬ ಅಂಕಿಯನ್ನು ಕಳೆದು, ಬಂದ ಬೆಲೆಯನ್ನು ಆ ಜಾಗದ ಮಿತಿ ಎಂದು ಹಿಡಿಯುತ್ತದೆ. ಮಿತಿಗಿಂತ ಹೊಳಪಿದ್ದರೆ ಬಿಳಿ, ಇಲ್ಲದಿದ್ದರೆ ಕಪ್ಪು. ಚೌಕದ ಅಗಲ `blockSize`. ಅದು ತೀರಾ ಚಿಕ್ಕದಾದರೆ ಶೀರ್ಷಿಕೆಯ ದಪ್ಪ ಅಕ್ಷರಗಳು ಒಳಗೆ ಟೊಳ್ಳಾಗುತ್ತವೆ, ಏಕೆಂದರೆ ಇಡೀ ಚೌಕ ಮಸಿಯೊಳಗೇ ಬಿದ್ದು, ಮಸಿಯನ್ನು ಮಸಿಯ ಜೊತೆಗೇ ಹೋಲಿಸಿದಂತಾಗುತ್ತದೆ. ಇದೂ ಅಕ್ಕಪಕ್ಕದ ಚಿತ್ರದಲ್ಲಿ ಸುಲಭವಾಗಿ ಕಾಣುವ ತಪ್ಪೇ. ಕಾಣದೆ ಹೋಗುವುದು `C` ಮಾಡುವ ಹಾನಿ.

ಒಂದು ಪುಟದ ಲೆಕ್ಕ ಹಿಡಿಯೋಣ. ಕಾಗದದ ಹೊಳಪು 190, ಆದರೆ ಅದರ ನಾರು ಅಲ್ಲಲ್ಲಿ 178ಕ್ಕೆ ಇಳಿಯುತ್ತದೆ. ಅಕ್ಷರದ ದಪ್ಪ ಗೆರೆ 165. ಧ, ಭ, ಢಗಳ ಅಡಿಯಲ್ಲಿರುವ ಮಹಾಪ್ರಾಣದ ಗೀಟು ಬಹಳ ತೆಳುವು, ಅದರ ಮಸಿ ಕಾಗದದ ಬಿಳುಪಿನೊಂದಿಗೆ ಬೆರೆತು 172 ಆಗಿದೆ. ಚೌಕದ ಐದನೇ ಒಂದು ಪಾಲು ಮಸಿಯಿದ್ದಲ್ಲಿ ಸರಾಸರಿ 185. `C` 10 ಆದರೆ ಅಲ್ಲಿ ಮಿತಿ 175, ದಪ್ಪ ಗೆರೆಯೂ ಗೀಟೂ ಉಳಿಯುತ್ತವೆ. ಆದರೆ ಅಂಚಿನ ಖಾಲಿ ಜಾಗದಲ್ಲಿ ಸರಾಸರಿ 190, ಮಿತಿ 180. ಹಾಗಾಗಿ ಅಲ್ಲಿ 178ರ ನಾರೆಲ್ಲ ಕರಿ ಚುಕ್ಕೆಯಾಗಿ ಏಳುತ್ತದೆ, ಪುಟ ಕೊಳಕಾಗಿ ಕಾಣುತ್ತದೆ. `C` 15ಕ್ಕೆ ಏರಿಸಿ ನೋಡಿ. ಅಂಚಿನ ಮಿತಿ 175ಕ್ಕಿಳಿದು ಚುಕ್ಕೆಗಳು ಮಾಯವಾಗುತ್ತವೆ. ಅಕ್ಷರದ ಬಳಿ ಮಿತಿ 170 ಆಗಿ 165ರ ಗೆರೆ ಹಾಗೇ ನಿಲ್ಲುತ್ತದೆ. 172ರ ಗೀಟು ಮಾತ್ರ ಬಿಳಿಯಾಗುತ್ತದೆ.

ಪರದೆಯ ಮೇಲೆ ಈ ಎರಡನೆಯ ಪುಟವೇ ಗೆಲ್ಲುತ್ತದೆ. ಅದು ಶುಭ್ರ, ಅಕ್ಷರಗಳು ದುಂಡು, ಅಂಚು ಖಾಲಿ. ಆದರೆ ತನು, ಮನ, ಧನ ಎಂದು ಇದ್ದಲ್ಲಿ ‘ದನ’ ಕೂತಿದೆ. ಷ ಒಳಗೆರೆ ಕಳೆದುಕೊಂಡು ‘ವಿಷಯ’ವು ‘ವಿಪಯ’ ಆದರೆ ನಿಘಂಟು ನೋಡುವ ಯಾವ ತಂತ್ರಾಂಶವಾದರೂ ಹಿಡಿದೀತು. ‘ದನ’ವನ್ನು ಅದು ಹಿಡಿಯಲಾರದು, ಅದೂ ಒಳ್ಳೆಯ ಕನ್ನಡ ಪದವೇ. ವಚನದಲ್ಲಿ ಇಂಥ ಒಂದು ಗೀಟು ಹೋದರೆ ಅರ್ಥವೇ ಹೋಗುತ್ತದೆ, ಆಮೇಲೆ ಹುಡುಕುವವನಿಗೆ ಆ ಸಾಲು ಸಿಗುವುದೂ ಇಲ್ಲ.

ಕಣ್ಣು ಇದನ್ನೇಕೆ ಕಾಣುವುದಿಲ್ಲ? ಒಂದು ಕಾರಣ ಚಿತ್ರದ ಅಳತೆ. 5 ಅಂಗುಲ ಅಗಲ, 7.5 ಅಂಗುಲ ಎತ್ತರದ ಪುಟವನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 1500×2250 ಪಿಕ್ಸೆಲ್ ಬರುತ್ತದೆ. ನೋಟ್‌ಬುಕ್‌ನ ಕೋಶದಲ್ಲಿ ಎರಡು ಪುಟ ಜೊತೆಯಾಗಿ ಹಿಡಿಯಬೇಕಾದಾಗ ಎತ್ತರ 450 ಪಿಕ್ಸೆಲ್‌ನ ಆಸುಪಾಸಿಗೆ ಕುಗ್ಗುತ್ತದೆ, ಅಂದರೆ ಐದು ಪಿಕ್ಸೆಲ್ ಕೂಡಿ ಒಂದಾಗುತ್ತವೆ. ಎರಡು ಪಿಕ್ಸೆಲ್ ದಪ್ಪದ ಗೀಟು ಅಲ್ಲಿ ಮೊದಲೇ ಇಲ್ಲ. ಮೇಲಾಗಿ ಮ್ಯಾಟ್‌ಪ್ಲಾಟ್‌ಲಿಬ್ ಚಿತ್ರ ಕುಗ್ಗಿಸುವಾಗ ಅಂಚುಗಳನ್ನು ನಯಗೊಳಿಸುತ್ತದೆ. ಕಪ್ಪು ಬಿಳುಪು ಎರಡೇ ಬೆಲೆಗಳಿರುವ ಚಿತ್ರಕ್ಕೂ ಪರದೆಯಲ್ಲಿ ಬೂದು ಅಂಚು ಬಂದು, ಅಕ್ಷರ ಇರುವುದಕ್ಕಿಂತ ಚೆಂದ ಕಾಣುತ್ತದೆ.

ಇನ್ನೊಂದು ಕಾರಣ ಎಡಗಡೆಯ ಚಿತ್ರದಲ್ಲೇ ಇದೆ, ನನಗೆ ಹೆಚ್ಚು ಗಂಭೀರವಾಗಿ ತೋರುವುದೂ ಇದೇ. ಬೂದು ಚಿತ್ರವನ್ನು `imshow`ಗೆ `cmap='gray'` ಒಂದನ್ನೇ ಹೇಳಿ ಕೊಟ್ಟರೆ ಅದು ಅತಿ ಕಡಿಮೆ ಬೆಲೆಯನ್ನು ಕಪ್ಪಿಗೆ, ಅತಿ ಹೆಚ್ಚಿನದನ್ನು ಬಿಳಿಗೆ ತಾನಾಗಿ ಎಳೆಯುತ್ತದೆ. 165ರಿಂದ 190ರವರೆಗಷ್ಟೇ ಹರಡಿರುವ ಮಾಸಿದ ತುಣುಕು ಪರದೆಯ ಮೇಲೆ ಹೊಸ ಅಚ್ಚಿನಂತೆ ಕಾಣುತ್ತದೆ. ಹೋಲಿಕೆಗೆ ಆಧಾರವಾಗಬೇಕಾದ ‘ಮುಂಚಿನ’ ಚಿತ್ರವೇ ಹೀಗೆ ಬದಲಾಗಿರುತ್ತದೆ. ಪುಟ ಎಷ್ಟು ಮಾಸಿದೆ ಎಂಬ ಅಂದಾಜೇ ಸಿಗದವನು `C`ಯನ್ನು ಧಾರಾಳವಾಗಿ ಏರಿಸುತ್ತಾನೆ.

ಇದರಿಂದ ಪದ್ಧತಿಯನ್ನೇ ಬಿಡಬೇಕಿಲ್ಲ, ಕಟ್ಟುವ ಬಗೆ ಬದಲಾದರೆ ಸಾಕು. ಇಡೀ ಪುಟದ ಬದಲು ಎರಡು ಮೂರು ಅಕ್ಷರಗಳ ತುಣುಕು ಕತ್ತರಿಸಿ, ಬೆಲೆಗಳನ್ನು 0ಯಿಂದ 255ಕ್ಕೆ ಕಟ್ಟಿಹಾಕಿ, ನಯಗೊಳಿಸುವುದನ್ನು ನಿಲ್ಲಿಸಬೇಕು. ಪಕ್ಕದಲ್ಲಿ ಮೂರನೆಯ ಚಿತ್ರವೊಂದು ಬೇಕು, ಅದರಲ್ಲಿ ಕಳೆದುಹೋದದ್ದು ಮಾತ್ರ ಇರಬೇಕು.

```python
g = page[900:960, 300:420]
a, b = bw10[900:960, 300:420], bw15[900:960, 300:420]
lost = 255 - 255 * ((a == 0) & (b == 255))
fig, ax = plt.subplots(1, 3, figsize=(15, 4))
for x, im in zip(ax, (g, b, lost)):
    x.imshow(im, cmap='gray', vmin=0, vmax=255,
             interpolation='nearest')
```

`page` ಮೂಲದ ಬೂದು ಪುಟ, `bw10` ಮತ್ತು `bw15` ಆ ಎರಡು ಅಂಕಿಗಳಿಂದ ಬಂದ ಪುಟಗಳು. ಮೂರನೆಯ ಚಿತ್ರದಲ್ಲಿ ಚೆಲ್ಲಾಪಿಲ್ಲಿ ಚುಕ್ಕೆಗಳಷ್ಟೇ ಇದ್ದರೆ ಹೋದದ್ದು ಕಸ. ನೆಟ್ಟಗಿನ ಸಣ್ಣ ಗೆರೆಗಳು, ದುಂಡು ಸೊನ್ನೆಗಳು, ಒತ್ತಕ್ಷರದ ಬಾಲಗಳು ಕಂಡರೆ ಹೋದದ್ದು ಅಕ್ಷರ. ಆಗ `C`ಯನ್ನು 10ಕ್ಕೇ ಬಿಟ್ಟು ಚುಕ್ಕೆಗಳನ್ನು ಬೇರೆ ಹಂತದಲ್ಲಿ ತೆಗೆಯುವುದು ಸರಿ. ಕಪ್ಪು ಬಿಳುಪನ್ನು ಅದಲುಬದಲು ಮಾಡಿ, ಮಸಿಯನ್ನು ಬಿಳಿಯಾಗಿಸಿ ಕೊಟ್ಟರೆ `cv2.connectedComponentsWithStats` ಪ್ರತಿ ಮಸಿ ತುಣುಕಿನ ವಿಸ್ತೀರ್ಣ ಕೊಡುತ್ತದೆ. ಅಕ್ಷರದಿಂದ ಬೇರ್ಪಟ್ಟು ನಿಂತ ಗೀಟು ಕೂಡ ಹತ್ತು ಹನ್ನೆರಡು ಪಿಕ್ಸೆಲ್ ಇರುತ್ತದೆ. ನಾರಿನ ಚುಕ್ಕೆ ಮೂರನ್ನು ದಾಟದಿದ್ದರೆ ನಾಲ್ಕಕ್ಕಿಂತ ಕಡಿಮೆಯವನ್ನು ಅಳಿಸಬಹುದು. ಚುಕ್ಕೆ ಕಳೆಯಲು ಅನೇಕರು ಬಳಸುವ `cv2.medianBlur` ಇಲ್ಲಿ ಅಪಾಯಕಾರಿ. 150 ಡಿಪಿಐ ಸ್ಕ್ಯಾನಿನಲ್ಲಿ ಗೀಟು ಒಂದೇ ಪಿಕ್ಸೆಲ್ ದಪ್ಪವಿದ್ದರೆ 3×3ರ ಚೌಕ ಅದನ್ನು ಪೂರ್ತಿ ಅಳಿಸುತ್ತದೆ.

ಯಾವ ಪುಟವನ್ನು ಎದುರಿಗಿಟ್ಟುಕೊಳ್ಳಬೇಕೆಂಬ ಪ್ರಶ್ನೆಯೂ ಇದೆ. ಮೊಳೆಯಚ್ಚಿನಲ್ಲಿ ಮಸಿ ಪುಟದಿಂದ ಪುಟಕ್ಕೆ ಏರಿಳಿಯುತ್ತದೆ. ಚೆನ್ನಾಗಿ ಮೂಡಿದ ಮುಖಪುಟದ ಮೇಲೆ ಹೊಂದಿಸಿದ ಅಂಕಿ ಒಳಗಿನ ಮಾಸಿದ ಹಾಳೆಯನ್ನು ತಿಂದುಹಾಕುತ್ತದೆ. ಆದ್ದರಿಂದ ಪುಸ್ತಕದ ಅತ್ಯಂತ ಮಾಸಿದ ಪುಟವನ್ನು ಹುಡುಕಿ, ಅದರಲ್ಲಿ ಮಹಾಪ್ರಾಣಗಳು ಒತ್ತಾಗಿರುವ ಸಾಲಿನಿಂದಲೇ ತುಣುಕು ಕತ್ತರಿಸಿಕೊಳ್ಳಬೇಕು. ಆಮೇಲೆ ಒಂದು ಪುಟವನ್ನು ಕೈಯಾರೆ ಟೈಪ್ ಮಾಡಿ, ಟೆಸರಾಕ್ಟ್‌ನ `kan` ಕೊಟ್ಟ ಪಠ್ಯದೊಂದಿಗೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ, ತಪ್ಪುಗಳಲ್ಲಿ ಧ-ದ, ಭ-ಬ ಜೋಡಿಗಳನ್ನು ಬೇರೆಯಾಗಿ ಎಣಿಸಬೇಕು. ಒಟ್ಟು ತಪ್ಪು ಇಳಿದರೂ ಈ ಜೋಡಿಗಳ ಎಣಿಕೆ ಏರಿದ್ದರೆ ಆ ಅಂಕಿ ವಚನದ ಪುಸ್ತಕಕ್ಕೆ ಸಲ್ಲದು.